ಬೀರೋಬಾನ ಪದದ ಮೇಲೆ ಬಂದ ಕ್ಲೇಮು

ಸೋಲಾಪುರದ ಸ್ಟುಡಿಯೋದಲ್ಲಿ ಎಡಿಟಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಾಡಿನ ವಿಷಯದಲ್ಲಿ ನಮ್ಮ ಮಾಲಕರಿಗಿದ್ದ ಧೈರ್ಯ ನೋಡಿ ನನಗೆ ಗಾಬರಿಯಾಗಿತ್ತು. ಅವರು ಆಯುಷ್ಯವೆಲ್ಲ ಮದುವೆಯ ವಿಡಿಯೋ ಮಾಡಿದವರು. ಅಕ್ಷತೆಗೊಂದು, ಊಟದ ಪಂಕ್ತಿಗೊಂದು, ಹೆಣ್ಣು ಒಪ್ಪಿಸುವಾಗಿನ ಅಳುವಿಗೊಂದು ಸಿನಿಮಾ ಹಾಡು ಅವರಲ್ಲಿ ಖಾಯಂ ಆಗಿದ್ದವು. ಆ ಸಿಡಿಗಳು ಬೀಗರ ಮನೆಯ ಕಪಾಟು ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಹಾಗಾಗಿ ಯಾವ ಕಂಪನಿಯೂ ಅವರನ್ನು ಕೇಳಿರಲಿಲ್ಲ. ಈಗ ಸ್ಟುಡಿಯೋದ ಅರ್ಧ ಕೆಲಸ ಆನ್‌ಲೈನ್ ಚಾನೆಲ್‌ಗಳದು. ಟ್ಯೂಷನ್ ಕ್ಲಾಸಿನವರು, ಚಾದರದ ಅಂಗಡಿಯವರು, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯಿಸುವವರು, ಎಲ್ಲರಿಗೂ ವಿಡಿಯೋ ಬೇಕು, ಅದರಿಂದ ದುಡ್ಡು ಬರಬೇಕು, ಹಿಂದೆ ಹಾಡು ಇರಲೇಬೇಕು.

"ಹತ್ತ ಸೆಕೆಂಡ್ ತನಕಾ ಏನೂ ಆಗೂದಿಲ್ಲ ತಂಗಿ," ಎಂದು ಮಾಲಕರು ಹೇಳುತ್ತಿದ್ದರು. "ಜಾಸ್ತಿ ಬೇಕಂದ್ರ ದನಿ ಜರಾ ಸಣ್ಣ ಮಾಡೂದು. ಅಂಜಿಕಿ ಇದ್ರ ಕೆಳಗ ಬರದ ಬಿಡೂದು, ಹಾಡಿನ ಹಕ್ಕು ಕಂಪನಿದ ಐತಿ ಅಂತ. ಮುಗೀತು."

"ಸರ್, ಹತ್ತು ಸೆಕೆಂಡಿನ ನಿಯಮ ಅಂತ ಎಲ್ಲೂ ಇಲ್ಲರಿ. ಕೆಳಗ ಬರದ್ರ ಪರವಾನಗಿ ಸಿಕ್ಕ್ಹಂಗ ಆಗೂದಿಲ್ಲ. ಕದ್ದೀವಿ ಅಂತ ನಾವ ಬರಕೊಟ್ಟ್ಹಂಗ ಆಗತೈತಿ."

"ನೀ ಎಂ.ಎ. ಮಾಡೀದಿ. ಅದಕ್ಕ ಎಲ್ಲಾದಕ್ಕೂ ಅಂಜತಿ."

ಆದರೂ ಹಾಡಿನ ಜವಾಬ್ದಾರಿ ನಿಧಾನವಾಗಿ ನನ್ನ ಮೇಲೆಯೇ ಬಂತು. ಗಿರಾಕಿಗಳಿಗೆ ಬೇಡ ಎಂದು ಹೇಳುವ ಕೆಲಸ ಮಾಲಕರಿಗೆ ಇಷ್ಟವಿರಲಿಲ್ಲ. "ನಮ್ಮ ಮ್ಯಾಡಮ್ ಭಾಳ ಸ್ಟ್ರಿಕ್ಟ್ ಅದಾರ್ರಿ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ಬೇಡ ಎನ್ನುವುದು ನನಗೆ ಕಷ್ಟವಾಗುತ್ತಿರಲಿಲ್ಲ, ಎದುರಿಗೆ ಗಿರಾಕಿ ಇರುವ ತನಕ. ಆಮೇಲೆ ಮಾವಶಿಯ ಫೋನ್ ಬಂತು.

ಮಾವಶಿ ನನ್ನ ತಾಯಿಯ ತಂಗಿ. ಅಕ್ಕಲಕೋಟ ತಾಲೂಕಿನಲ್ಲಿ, ಮೈಂದರ್ಗಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯಲ್ಲಿ ಅವಳ ಮನೆ. ಹೊಲವಿದೆ, ಕುರಿಗಳಿವೆ. ಹೊಲದ ಬದುವಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುವ ಅವಳ ವಿಡಿಯೋಗಳನ್ನು ಜನ ಇಷ್ಟಪಟ್ಟು ನೋಡುತ್ತಿದ್ದರು. ಒಂದೇ ಉಸಿರಿನಲ್ಲಿ ಕನ್ನಡ ಶುರು ಮಾಡಿ ಮರಾಠಿಯಲ್ಲಿ ಮುಗಿಸುವ ಅವಳ ಮಾತು ಎರಡೂ ಕಡೆಯವರಿಗೆ ಅರ್ಧರ್ಧ ತಿಳಿಯುತ್ತಿತ್ತು, ಪೂರ್ತಿ ತಿಳಿಯಲು ಅವರು ಮತ್ತೊಮ್ಮೆ ನೋಡುತ್ತಿದ್ದರೋ ಏನೋ. ಚಾನೆಲ್‌ಗೆ ಗಳಿಕೆಯ ಅನುಮತಿ ಸಿಕ್ಕು ಸ್ವಲ್ಪ ದಿನವಾಗಿತ್ತು. ಅದಕ್ಕಾಗಿ ಅವಳು ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿದ್ದಳು. ಕುರಿ ಮಾರಿದ್ದು, ಸೋಯಾಬೀನ್ ಮಾರಿದ್ದು ಎಲ್ಲ ಅವಳ ಗಂಡ, ನನ್ನ ಕಾಕಾನ ಖಾತೆಗೆ ಹೋಗುತ್ತದೆ. ಗಂಡನ ಮನೆಗೆ ಬಂದ ಮೇಲೆ ಅವಳ ಹೆಸರಿನಲ್ಲಿ ಬಂದದ್ದು ಪಡಿತರ ಚೀಟಿಯ ಗೋಧಿ ಮಾತ್ರ. ಹೀಗಾಗಿ ಚಾನೆಲ್‌ನಿಂದ ಎಷ್ಟು ಬರುತ್ತದೆ ಎಂಬುದಕ್ಕಿಂತ ಆ ಖಾತೆಗೆ ಏನಾದರೂ ಬರುತ್ತದೆಯೇ ಎಂಬುದೇ ಅವಳಿಗೆ ಮುಖ್ಯವಾಗಿತ್ತು.

"ಕಂಪನಿ ನನ್ನ ಮ್ಯಾಲ ಕೇಸ್ ಹಾಕೇತಿ ತಂಗಿ," ಎಂದಳು ಫೋನಿನಲ್ಲಿ. "ನಿಮ್ಮ ಕಾಕಾಗ ಹೇಳಬ್ಯಾಡ. ಪೊಲೀಸರು ಮನಿಗಿ ಬರತಾರೇನು?"

ಪೊಲೀಸರು ಯಾರೂ ಬರುವಂತಿರಲಿಲ್ಲ. ಶೇಂಗಾ ಹೋಳಿಗೆಯ ವಿಡಿಯೋಕ್ಕೆ ಅವಳು ಹಿನ್ನೆಲೆಯಲ್ಲಿ ಒಂದು ಸಿನಿಮಾ ಹಾಡು ಹಾಕಿದ್ದಳು. ವಿಡಿಯೋ ತಾಣದ ಯಂತ್ರ ಅದನ್ನು ಗುರುತಿಸಿ, ಹಾಡಿನ ಮಾಲಕ ಕಂಪನಿಯ ಪರವಾಗಿ ಕ್ಲೇಮು ದಾಖಲಿಸಿತ್ತು. ಕ್ಲೇಮು ಬೇರೆ, ಸ್ಟ್ರೈಕು ಬೇರೆ ಎಂದು ಬಿಡಿಸಿ ಹೇಳಿದೆ. ಹಕ್ಕುದಾರರು ವಿಡಿಯೋ ತೆಗೆಸಿಹಾಕಿದರೆ ಬರುವುದು ಸ್ಟ್ರೈಕು. ಅಂಥವು ಮೂರು ತಿಂಗಳೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮು ಬಂದರೆ ವಿಡಿಯೋ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ, ಜನ ನೋಡುತ್ತಾರೆ, ಜಾಹೀರಾತು ಬರುತ್ತವೆ, ದುಡ್ಡು ಮಾತ್ರ ಕಂಪನಿಗೆ ಹೋಗುತ್ತದೆ.

ಮಾವಶಿ ಲೆಕ್ಕ ಹಾಕಿದಳು. "ಅಂದ್ರ ಹೋಳಗಿ ನಾ ಲಟ್ಟಸೂದು, ಹೊಗಿಗಿ ಕಣ್ಣು ನಾ ಕೆಂಪ ಮಾಡಕೊಳ್ಳೂದು, ರೊಕ್ಕ ಮುಂಬೈದಾಗ ಕುಂತಾಂವಗ?"

"ಹೌದು."

"ಇದಕ್ಕಿಂತ ಪೊಲೀಸರು ಬಂದಿದ್ರ ಚಲೋ ಇತ್ತು ನೋಡು. ಒಂದ್ ಚಾ ಕುಡಿಸಿ ಕಳಸತಿದ್ನಿ."

ಹಾಡು ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದೆ. ಮೊಬೈಲಿನ ಒಂದು ಆ್ಯಪಿನಲ್ಲೇ ಇತ್ತಂತೆ. ಆ ಆ್ಯಪಿನ ಹಾಡುಗಳಿಗೆ ಅವರು ಪಡೆದ ಅನುಮತಿ ಅಲ್ಲಿಯ ಸಣ್ಣ ವಿಡಿಯೋಗಳಿಗಷ್ಟೇ, ಹೊರಗೆ ತೆಗೆದುಕೊಂಡು ಹೋಗಿ ದುಡಿಯಲು ಬರುವುದಿಲ್ಲ ಎಂದೆ. "ಅದೇ ಹಾಡನ್ನ ನಿಮ್ಮ ಕಾಕಾ ಕಾಲರ್ ಟ್ಯೂನಿಗಿ ರೊಕ್ಕಾ ಕೊಟ್ಟು ತಗೊಂಡಾನ. ನಮ್ಮ ಮನಿ ಹಾಡ ಆತಲ್ಲ!" ಎಂದು ಅವಳು ಕೊನೆಯ ಅಸ್ತ್ರ ತೆಗೆದಳು. ಅದೂ ನಡೆಯಲಿಲ್ಲ.

ಆ ಹಾಡನ್ನು ತೆಗೆದು, ತಾಣವೇ ಉಚಿತವಾಗಿ ಕೊಡುವ ಸಂಗೀತ ಸಂಗ್ರಹದಿಂದ ಒಂದು ಗಿಟಾರಿನ ತುಣುಕು ಹಾಕಿದೆ. ಕ್ಲೇಮು ಹೋಯಿತು. ಮಾವಶಿಗೆ ಸಮಾಧಾನವಾಗಲಿಲ್ಲ. "ಇದೇನ ತಂಗಿ, ಮಾಲ್‌ದಾಗ ಲಿಫ್ಟ್ ಏರಿದ್ಹಂಗ ಆಗತೈತಿ. ಈ ಬಾಜಾ ಕೇಳಿ ನನ್ನ ಹೋಳಗಿ ಯಾರು ತಿಂತಾರ?" ಎಂದಳು. ಅವಳ ಮಾತು ತಪ್ಪಾಗಿರಲಿಲ್ಲ. ಒಲೆಯ ಹೊಗೆ, ಬದುವಿನ ಜೋಳ, ಅದರ ಹಿಂದೆ ಯಾವುದೋ ಶೀತದೇಶದ ಗಿಟಾರು. ಕಾನೂನಿನ ಪ್ರಕಾರ ಅದು ಶುದ್ಧವಾಗಿತ್ತು, ಅಷ್ಟೇ.

ಸ್ವಲ್ಪ ದಿನಕ್ಕೆ ಅವಳೇ ದಾರಿ ಹುಡುಕಿದಳು. ಊರಿನ ಹೆಣ್ಣುಮಕ್ಕಳ ಭಜನಿ ಮಂಡಳಿಯಿಂದ ಹಾಡಿಸುವುದು. ಪ್ರತಿ ಸೋಮವಾರ ಕುರಿಗಾರರ ದೇವರು ಬೀರೋಬಾನ ಗುಡಿಯಲ್ಲಿ ಟಾಳ, ಅಂದರೆ ಕೈತಾಳ, ಡೋಲಕಿ ಹಿಡಿದು ಹಾಡುವ ಮಂಡಳಿ ಅದು.

"ಹಾಡು ಯಾರದು?" ಎಂದು ನಾನು ಕೇಳಿದೆ.

"ನಮ್ಮದ. ನಮ್ಮ ಮಂಡಳಿ ಆಯಿ ಕಟ್ಟೇಳ, ಎಲ್ಲಾ ಅಕ್ಷರ ಆಕೀದ."

ನನಗೆ ಬಹಳ ಸಂತೋಷವಾಯಿತು. ಇಷ್ಟು ಸರಳ ಪರಿಹಾರ ನನಗೇಕೆ ಹೊಳೆಯಲಿಲ್ಲ ಎಂದುಕೊಂಡೆ. ಅವಳು ಜೋಳದ ಹುಳಬಾನ ಅಡುಗೆಯ ವಿಡಿಯೋ ಮಾಡಿ, ಕೆಳಗೆ ಮಂಡಳಿಯ ಹಾಡು ಕೂಡಿಸಿ, ನನ್ನನ್ನು ಕೇಳದೆಯೇ ಹಾಕಿದಳು. ಕೇಳುವ ಅಗತ್ಯವಾದರೂ ಏನಿತ್ತು? ವಿಡಿಯೋ ಹಿಂದಿನ ಎಲ್ಲಕ್ಕಿಂತ ಚೆನ್ನಾಗಿ ಓಡತೊಡಗಿತು. ಮರುದಿನವೇ ಕ್ಲೇಮು ಬಂತು.

ಈ ಸಲ ನಾನು ಕೆರಳಿದೆ. ಯಂತ್ರದ ತಪ್ಪೆಂದು ನನಗೆ ಖಾತ್ರಿಯಿತ್ತು. ಸ್ಟುಡಿಯೋದಲ್ಲಿ ಕುಳಿತು, ತಕರಾರು ಬರೆಯುವ ಮುನ್ನ ಒಮ್ಮೆ ಸರಿಯಾಗಿ ಕೇಳೋಣವೆಂದು ಸ್ಪೀಕರಿಗೆ ಹಾಕಿದೆ. ಹೆಂಗಸರು ಬೀರೋಬಾನ ಕುದುರೆಯನ್ನು, ಅವನ ಕಂಬಳಿಯನ್ನು, ಅವನ ಅರಿಶಿನದ ಭಂಡಾರವನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ಚಹಾದ ಕಪ್ಪು-ಬಸಿ ಹಿಡಿದು ಬಂದ ಮಾಲಕರು ಬಾಗಿಲಲ್ಲೇ ನಿಂತು, ಬಸಿ ಬಡಿಯುತ್ತ, ಅದೇ ಧಾಟಿಯಲ್ಲಿ ಬೇರೆ ಶಬ್ದ ಹಾಡತೊಡಗಿದರು. ಹಿಂದಿ ಶಬ್ದ. ನಾಯಕಿಯ ಸೊಂಟದ ವರ್ಣನೆ.

"ಏನ್ರಿ ಸರ್ ಇದು?"

"ಅರೇ, ಪಿಚ್ಚರ್ ಹಾಡಲ್ಲ ಇದು? ನಾ ಕಾಲೇಜಿನ್ಯಾಗ ಇದ್ದಾಗ ಭಾಳ ನಡೀತಿತ್ತು." ಮಾಲಕರು ಮತ್ತೊಮ್ಮೆ ಕಿವಿಗೊಟ್ಟು, ಈಗ ಶಬ್ದಗಳನ್ನೂ ಕೇಳಿಸಿಕೊಂಡು, ಗಲ್ಲ ಬಡಿದುಕೊಂಡರು. "ಅಯ್ಯೋ, ದೇವರ ಪದ ಏನು! ಬೀರೋಬಾ, ತಪ್ಪಾತೋ ಮಾರಾಯಾ."

ಈ ಕಡೆಯ ಭಜನೆಗಳ ರೀತಿಯೇ ಹಾಗೆಂದು ನನಗೆ ತಿಳಿಯದ್ದೇನಲ್ಲ. ನಾಲ್ಕು ಜನರ ಬಾಯಲ್ಲಿ ಇರುವ ಸಿನಿಮಾದ ಚಾಲು, ಅಂದರೆ ಧಾಟಿ, ತೆಗೆದುಕೊಂಡು ಅದಕ್ಕೆ ದೇವರ ಶಬ್ದ ಕೂಡಿಸುತ್ತಾರೆ. ಹೊಸಬರಿಗೂ ಕಲಿಯಲು ಸುಲಭ. ಹತ್ತಾರು ವರ್ಷ ಹಾಡಿದ ಮೇಲೆ ಚಾಲು ಎಲ್ಲಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ. ದೇವರ ಜೊತೆಗೇ ಹುಟ್ಟಿತೆಂದು ತಿಳಿಯುತ್ತಾರೆ. ಯಂತ್ರಕ್ಕೆ ಮಾತ್ರ ಮರೆವಿಲ್ಲ. ಹಾಡೊಂದರಲ್ಲಿ ಎರಡು ಹಕ್ಕು ಇರುತ್ತವೆ: ಧ್ವನಿಮುದ್ರಣದ್ದು ಒಂದು, ಹಾಡಿನ ರಚನೆಯದು ಇನ್ನೊಂದು. ಮಂಡಳಿ ತಾನೇ ಹಾಡಿದ್ದರಿಂದ ಮುದ್ರಣ ಅವರದೇ, ಶಬ್ದಗಳೂ ಅವರವೇ. ಆದರೆ ರಾಗಸಂಯೋಜನೆ ಕಂಪನಿಯದು. ಕ್ಲೇಮಿನಲ್ಲಿ ಬರೆದದ್ದೂ ಅದೇ, ಧಾಟಿ ಎಂದು. ಯಂತ್ರ ನನಗಿಂತ ಸರಿಯಾಗಿ ಕೇಳಿಸಿಕೊಂಡಿತ್ತು.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ರಜೆಯ ದಿನ ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಮೈಂದರ್ಗಿಯ ಬಸ್ಸು ಹಿಡಿದೆ. ಮಾವಶಿ ಮಂಡಳಿಯವರನ್ನೆಲ್ಲ ಗುಡಿಯ ಕಟ್ಟೆಗೆ ಕರೆದಿದ್ದಳು. ಹಾಡು ಕಟ್ಟಿದ ಆಯಿ ನಡುವೆ ಕುಳಿತಿದ್ದಳು: ಹಲ್ಲಿಲ್ಲದ ಬಾಯಿ, ಗಟ್ಟಿ ಕೊರಳು. ನಾನು ಹೇಳುವುದನ್ನೆಲ್ಲ ಕೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆ ಪಿಚ್ಚರಿನವರು ನಮ್ಮ ಬೀರೋಬಾನ ಚಾಲ ಕದ್ದಾರಂತ ಯಾಕ ಆಗಬಾರದು?"

ಕಟ್ಟೆಯ ಮೇಲಿದ್ದವರೆಲ್ಲ ಇದು ಸರಿಯಾದ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದರು.

"ಆಯಿ, ನೀವು ಈ ಪದ ಯಾವಾಗ ಕಟ್ಟಿದ್ರಿ?"

"ನಮ್ಮ ನಡಕಿನ ಮಗಳ ಲಗ್ನ ಆದ ಮ್ಯಾಲ."

"ಮಗಳ ಲಗ್ನದಾಗ ಬ್ಯಾಂಡಿನವರು ಏನು ಬಾರಿಸಿದ್ರು?"

ಆಯಿ ಯೋಚನೆ ಮಾಡಿದಳು. ಪಕ್ಕದಲ್ಲಿದ್ದ ಡೋಲಕಿಯವಳು ಮೊದಲು ನಕ್ಕಳು. ಆಯಿ ಅವಳ ತೊಡೆಗೆ ಒಂದು ಬಾರಿಸಿದಳು. ಆದರೆ ಮುಂದೆ ವಾದ ಮಾಡಲಿಲ್ಲ.

ಮಾವಶಿ ಸುಮ್ಮನಾಗಲಿಲ್ಲ. "ಇಷ್ಟ ವರ್ಷ ಗುಡ್ಯಾಗ ಹಾಡೀವಿ, ಯಾವ ಕಂಪನಿನೂ ಕೇಳಿಲ್ಲ. ಈಗ ಯಾಕ?"

"ಗುಡ್ಯಾಗ, ಲಗ್ನದಾಗ ಹಾಡಿದ್ರ ಕಾಯ್ದೇನೇ ಬಿಟ್ಟಬಿಡತೈತಿ ಮಾವಶಿ. ಧಾರ್ಮಿಕ ಕಾರ್ಯಕ್ರಮ ಅಂತ. ಅದನ್ನ ವಿಡಿಯೋ ಮಾಡಿ ಜಾಹೀರಾತು ಹಚ್ಚಿದ್ರ ಬಿಡೂದಿಲ್ಲ."

"ಅಂದ್ರ ದೇವರಿಗಿ ಫುಕಟ್ ಹಾಡಬೇಕು, ನನಗ ಹಾಡಿದ್ರ ತಪ್ಪು."

"ಹಂಗ ಅನ್ನು."

"ಹಂಗಾರ ತಕರಾರು ಅರ್ಜಿ ಹಾಕು. ಸುಳ್ಳ ಕ್ಲೇಮ್ ಐತಿ ಅಂತ ಬರಿ. ನಿನ್ನಂಗ ಇಂಗ್ಲೀಷ್ ಬರಿಯಾವ್ರು ಯಾರದಾರ?"

ನಾನು ಒಲ್ಲೆ ಎಂದೆ. ಕ್ಲೇಮು ಸುಳ್ಳಾಗಿರಲಿಲ್ಲ. ಸುಳ್ಳು ತಕರಾರು ಹಾಕಿ ಎಳೆದಾಡಿದರೆ ಕಂಪನಿ ವಿಡಿಯೋವನ್ನೇ ತೆಗೆಸಬಹುದು, ಆಗ ನಿಜವಾದ ಸ್ಟ್ರೈಕು ಬರುತ್ತದೆ. ಅವಳದೋ ಹೊಸ ಚಾನೆಲ್ಲು, ಹೊಸ ಖಾತೆ. ಇಷ್ಟನ್ನು ನಾನು ವಿವರಿಸುವಾಗ ಮಾವಶಿ ನನ್ನ ಮುಖ ನೋಡದೆ ಸೆರಗಿನ ದಾರ ಕೀಳುತ್ತಿದ್ದಳು.

"ನೀ ನಮ್ಮಕ್ಕನ ಮಗಳೋ, ಆ ಕಂಪನಿ ಮಗಳೋ?" ಎಂದಳು ಕೊನೆಗೆ.

ಬೇರೆ ಯಾವುದಾದರೂ ಪದ ಹಾಡಿರಿ, ನೋಡೋಣ ಎಂದೆ. ಮಂಡಳಿಗೆ ಹುರುಪು ಬಂತು. ಒಂದರ ಹಿಂದೆ ಒಂದು ಹಾಡಿದರು. ಮೈಲಾರನ ಪದ ಒಂದು ಮರಾಠಿ ತಮಾಶಾ ಚಿತ್ರದ್ದಾಗಿತ್ತು. ಅಕ್ಕಲಕೋಟದ ಮಹಾರಾಜರ ಮೇಲಿನ ಪದದ ಪಲ್ಲವಿ ಹಿಂದಿಯದು, ಚರಣ ಕನ್ನಡ ಸಿನಿಮಾದ್ದು. ತೊಟ್ಟಿಲ ಪದ ಒಂದು ಸಾಬೂನಿನ ಜಾಹೀರಾತಿನದು ಎಂದು ಡೋಲಕಿಯವಳೇ ಕಂಡುಹಿಡಿದಳು. ಅಷ್ಟು ಹೊತ್ತಿಗೆ ಅವರಿಗೇ ಇದು ಆಟವಾಗಿಬಿಟ್ಟಿತ್ತು. ಒಬ್ಬಳು ಒಂದು ಸಾಲು ಹಾಡುತ್ತಲೇ ಇನ್ನೊಬ್ಬಳು, "ಸಿಕ್ತು, ಇದು ಕಳವಿನ ಮಾಲ!" ಎಂದು ಕೂಗುತ್ತಿದ್ದಳು. ನಾನು ಬರುವ ತನಕ ಅವು ಭಕ್ತಿಯ ಪದಗಳಾಗಿದ್ದವು.

"ಹಳೇದು ಏನೂ ಇಲ್ಲೇನ್ರಿ ಆಯಿ? ನಿಮ್ಮ ಅವ್ವ ಹಾಡತಿದ್ದಿದ್ದು?"

"ಐತಿ. ಉಣ್ಣಿ ನೂಲುವಾಗ ಹಾಡೂದು. ಆದ್ರ ಅದರಾಗ ರಂಗಿಲ್ಲ."

ಆಯಿ ಹಾಡಿದಳು. ಕುರಿಗಳು ದಾರಿ ತಪ್ಪಿದಾಗ ಬೀರೋಬಾ ಹುಡುಕಿಕೊಂಡು ಹೋದ ಕತೆ. ಮೂರು ನಾಲ್ಕು ಸ್ವರಗಳಷ್ಟೇ, ತಿರುಗಿ ತಿರುಗಿ ಅಲ್ಲಿಗೇ ಬರುವ ಧಾಟಿ. ಆಯಿಗೆ ಅವಳ ತಾಯಿಯಿಂದ, ತಾಯಿಗೆ ಅವಳ ಅತ್ತೆಯಿಂದ ಬಂದದ್ದು. ಯಾರು ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲ. ಯಾರದೂ ಅಲ್ಲದ್ದು, ಹಾಗಾಗಿ ಎಲ್ಲರೂ ಬಳಸಬಹುದಾದದ್ದು. ಅದನ್ನು ನಾವೇ ಹಾಡಿ ಮುದ್ರಿಸಿಕೊಂಡರೆ ಆ ಮುದ್ರಣ ನಮ್ಮದು. ನನಗೆ ಬೇಕಾದದ್ದು ಸಿಕ್ಕಿತ್ತು.

ಮಾವಶಿಯ ಮುಖ ಬಾಡಿತು. "ಇದನ್ನ ಕೇಳಿ ಜನ ಮಲಗತಾರ ತಂಗಿ."

"ಡೊಳ್ಳು ಕೂಡಿಸಿದ್ರ ಏಳತಾರ," ಎಂದಳು ಆಯಿ.

ಡೊಳ್ಳು ತರಿಸಿದರು. ಮಧ್ಯಾಹ್ನವೇ ಮುದ್ರಿಸಿಕೊಂಡೆವು. ಅದಕ್ಕೆ ಮುಂಚೆ, ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕು ಇರುತ್ತದೆ, ಒಬ್ಬೊಬ್ಬರೂ ಒಪ್ಪಿಗೆ ಹೇಳಬೇಕು ಎಂದು ನಾನು ಕ್ಯಾಮೆರಾ ಹಿಡಿದೆ. ಇದು ಬೇಕಾಗಿರಲಿಲ್ಲ ಎಂದು ಆಮೇಲೆ ಅನಿಸಿತು. ಡೋಲಕಿಯವಳು ತನ್ನ ಮುಖ ವಿಡಿಯೋದಲ್ಲಿ ಬಂದರೆ ಮಾತ್ರ ಒಪ್ಪಿಗೆ ಎಂದಳು. ಇನ್ನೊಬ್ಬಳು ಮಾವಶಿ ಹೋದ ವರ್ಷ ಒಯ್ದ ಅಡುಗೆಯ ಪಾತೇಲಿ ತಂದುಕೊಟ್ಟರೆ ಒಪ್ಪಿಗೆ ಎಂದಳು. ಮಾವಶಿ ಎದ್ದುಹೋಗಿ ಪಾತೇಲಿ ತಂದು ಅವಳ ಮುಂದೆ ಕುಕ್ಕಿದಳು. ಆಮೇಲೆ ಹಾಡು ನಿರಾತಂಕವಾಗಿ ನಡೆಯಿತು.

ಹುಳಬಾನದ ವಿಡಿಯೋದಿಂದ ಹಳೆಯ ಧ್ವನಿ ತೆಗೆಯಲು ಮಾವಶಿ ಒಪ್ಪಲಿಲ್ಲ, ಅದು ಓಡುತ್ತಿತ್ತು. ಗಳಿಕೆ ಕಂಪನಿಗೆ ಹೋದರೆ ಹೋಗಲಿ, ಊರಿನವರು ನೋಡುತ್ತಿದ್ದಾರಲ್ಲ ಎಂದಳು. ಹೊಸ ಹಾಡನ್ನು ಕಡಕ್ ರೊಟ್ಟಿಯ ವಿಡಿಯೋಕ್ಕೆ ಹಾಕಿದೆವು. ರೊಟ್ಟಿ ಬಡಿಯುವ ಸಪ್ಪಳ ಡೊಳ್ಳಿನ ಗತ್ತಿಗೆ ಕೂಡಿ ಬಂದಿತ್ತು, ಜನ ಮಲಗಲಿಲ್ಲ.

ಕ್ಲೇಮು ಬಂತು.

ಎಲ್ಲಿಯದೋ ಒಂದು ಸಂಗೀತ ಸಂಸ್ಥೆ ಇದೇ ಧಾಟಿಯನ್ನು ಯಾರದೋ ಬಾಯಲ್ಲಿ ಹಾಡಿಸಿ, ಅದಕ್ಕೆ ಡಿಜೆ ಬಡಿತ ಸೇರಿಸಿ, ಧಾಟಿಯೇ ತನ್ನದೆಂದು ದಾಖಲಿಸಿಕೊಂಡಿತ್ತು. ಅವರ ಡಿಜೆ ಮುದ್ರಣ ಅವರದು, ಒಪ್ಪುತ್ತೇನೆ. ಆಯಿಯ ತಾಯಿಯ ಅತ್ತೆಯನ್ನು ಅವರು ಹೇಗೆ ಕೊಂಡರೋ ತಿಳಿಯಲಿಲ್ಲ. ಈ ಸಲ ಮಾವಶಿ ನನಗೆ ಫೋನ್ ಮಾಡಿ ಬೈಯಲಿಲ್ಲ. ಮೆಲ್ಲಗೆ, "ಗಿಟಾರ್ ಹಾಕಿಬಿಡು ತಂಗಿ. ನನ್ನ ಖಾತ್ಯಾಗ ಏನೂ ಬರೂದು ಇಲ್ಲ ಅಂತ ಬರದಂಗೈತಿ," ಎಂದಳು. ಅವಳ ಬೈಗುಳ ಇದಕ್ಕಿಂತ ಹಗುರವಾಗಿರುತ್ತಿತ್ತು.

ನಾನು ಅವತ್ತೇ ತಕರಾರು ಹಾಕಿದೆ. ಬೇಗ ಹಾಕಿದರೆ ಕ್ಲೇಮಿನ ಮೊದಲ ದಿನದಿಂದಲೇ ಗಳಿಕೆಯನ್ನು ಯಾರಿಗೂ ಕೊಡದೆ ತಡೆದಿಡುತ್ತಾರೆ, ಗೆದ್ದವರಿಗೆ ಆಮೇಲೆ ಹೋಗುತ್ತದೆ. ಧಾಟಿ ಪರಂಪರೆಯಿಂದ ಬಂದದ್ದು, ರಚಿಸಿದವರು ಯಾರೆಂದು ಗೊತ್ತಿಲ್ಲ, ಮುದ್ರಣ ನಮ್ಮದು, ಹಾಡಿದವರ ಒಪ್ಪಿಗೆ ಇದೆ ಎಂದು ಬರೆದೆ. ಉತ್ತರ ಕೊಡಲು ಆ ಸಂಸ್ಥೆಗೆ ಒಂದು ತಿಂಗಳ ಗಡುವು. ನಾನು ವಾದಕ್ಕೆ ಬೇಕಾದ ಎಲ್ಲವನ್ನೂ ಸಿದ್ಧ ಮಾಡಿಕೊಂಡು ಕಾದೆ. ನೂಲುವ ಪದಗಳ ಬಗ್ಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಓದಿ ಟಿಪ್ಪಣಿ ಕೂಡ ಮಾಡಿದೆ.

ಯಾರೂ ವಾದಕ್ಕೆ ಬರಲಿಲ್ಲ. ಅವರು ಉತ್ತರವನ್ನೇ ಕೊಡಲಿಲ್ಲ. ಗಡುವು ಮುಗಿದು ಕ್ಲೇಮು ತಾನಾಗಿ ಬಿದ್ದುಹೋಯಿತು. ನಾವು ಸರಿ ಎಂದು ಯಾರೂ ಹೇಳಲಿಲ್ಲ, ಅವರು ತಪ್ಪು ಎಂದೂ ಹೇಳಲಿಲ್ಲ. ಮಾಲಕರು ನನ್ನ ಟಿಪ್ಪಣಿಯ ದಪ್ಪ ನೋಡಿ, "ಹೇಳಿದ್ನಿಲ್ಲ? ಸುಮ್ಮ ಕುಂತ್ರ ಎಲ್ಲಾ ಆಗತೈತಿ," ಎಂದರು.

ತಡೆದಿಟ್ಟ ದುಡ್ಡು ಬಿಡುಗಡೆಯಾಯಿತು. ಮಾವಶಿಯ ಖಾತೆಗೆ ಮೊದಲ ಜಮೆ ಬಂದ ದಿನ ಅವಳು ಮೈಂದರ್ಗಿಯ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಮುದ್ರೆ ಹೊಡೆಸಿಕೊಂಡು ಬಂದಳು. ಕಾಕಾ ಅದನ್ನು ಕೇಳಿ ಇಸಿದುಕೊಂಡು ನೋಡಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟನಂತೆ. ಆ ದುಡ್ಡಿನಲ್ಲಿ ಅವಳು ಮಂಡಳಿಗೆ ಹೊಸ ಟಾಳ ಕೊಡಿಸಿದಳು. ಪಾತೇಲಿಯವಳಿಗೆ ಮಾತ್ರ ಟಾಳ ಜೋರಾಗಿ ಬಾರಿಸಬೇಡ ಎಂದು ತಾಕೀತು.

ಇದಾಗಿ ಕೆಲವು ವಾರಕ್ಕೆ ಅವಳ ಫೋನ್ ಬಂತು. ದನಿ ಏರಿತ್ತು.

"ಬಾಜೂ ಊರಿನ ಮಂಡಳಿಯವರು ನಮ್ಮ ಪದ ಹಾಡಿ ವಿಡಿಯೋ ಬಿಟ್ಟಾರ. ಬದನೀಕಾಯಿ ಎಣ್ಣಿಗಾಯಿ ಮಾಡೂ ವಿಡಿಯೋ. ನಮ್ಮದಕಿಂತ ಜೋರ ಓಡಾಕತ್ತೈತಿ. ಅವರ ಮ್ಯಾಲ ಕ್ಲೇಮ್ ಹಾಕು."

"ನಮ್ಮ ಮುದ್ರಣ ಎತ್ತಿ ಹಾಕ್ಯಾರೇನು?"

"ಇಲ್ಲ, ಅವರ ಹಾಡ್ಯಾರ. ಬೇಸೂರ."

"ಹಂಗಾರ ಹಾಕಾಕ ಬರೂದಿಲ್ಲ ಮಾವಶಿ. ಆ ಪದ ಯಾರದೂ ಅಲ್ಲ ಅಂತ ನಾವ ಬರಕೊಟ್ಟೀವಿ. ಅದಕ್ಕ ಬಿಡುಗಡಿ ಆಗೇತಿ."

"ಯಾರದೂ ಅಲ್ಲ ಅಂದ್ರ ಕಂಪನಿದ ಅಲ್ಲ. ಅವರದು ಹ್ಯಾಂಗ ಆಗತೈತಿ? ಆಯಿ ನಮ್ಮ ಊರಾಕಿ."

"ಆಯಿ ತವರಮನಿ ಯಾವ ಊರು?"

ಆ ಕಡೆ ಒಲೆಯ ಮೇಲಿನ ಪಾತ್ರೆಯಲ್ಲಿ ಸೌಟು ಆಡಿಸುವ ಸಪ್ಪಳ ಕೇಳಿತು. ಆಯಿಯ ತವರುಮನೆ ಆ ಪಕ್ಕದ ಊರೇ.

"ತಂಗಿ," ಎಂದಳು ಮಾವಶಿ ಕೊನೆಗೆ, ನ್ಯಾಯ ಒಪ್ಪಿಕೊಂಡವಳ ದನಿಯಲ್ಲಿ ಅಲ್ಲ, ಒಂದು ಹೊಸ ಬಳಗ ಕಂಡುಕೊಂಡವಳ ದನಿಯಲ್ಲಿ. "ಆ ಮುಂಬೈ ಕಂಪನಿಯವರೂ ಭಾಳ ಕೆಟ್ಟವರೇನಲ್ಲ ನೋಡು. ಪಾಪ, ಅವರಿಗೂ ಹಿಂಗ ಹೊಟ್ಟಿ ಉರದಿರಬೇಕು."